ಮುನ್ನೂರೈವತ್ತು ರೂಪಾಯಿಯ ವಾರ

ಸಂತೆಯೊಳಗೆ ಕಾಲಿಟ್ಟ ಮೇಲೆ ಮೊದಲ ಹತ್ತು ನಿಮಿಷ ಆಕೆ ಏನನ್ನೂ ಕೊಳ್ಳುವುದಿಲ್ಲ. ಚೀಲ ಕಂಕುಳಲ್ಲಿರುತ್ತದೆ, ಪರ್ಸು ಸೆರಗಿನ ಒಳಗೆ. ಈ ತುದಿಯಿಂದ ಆ ತುದಿಯವರೆಗೆ ಒಂದು ಸುತ್ತು ನಡೆಯುತ್ತಾಳೆ. ‘ಎಷ್ಟಣ್ಣ ಬದನೆಕಾಯಿ?’ ‘ಕೋಸು ಹೆಂಗಕ್ಕ?’ ಎಂದು ಕೇಳುತ್ತಾಳೆ, ಉತ್ತರ ಕೇಳಿಸಿಕೊಂಡು ಮುಂದೆ ಹೋಗುತ್ತಾಳೆ. ಕೂಗಿ ಕರೆದವರ ಕಡೆಗೆ ನಕ್ಕು, ‘ಬತ್ತೀನಿ ತಡಿ’ ಅನ್ನುತ್ತಾಳೆ. ಅವಳ ಪಕ್ಕದಲ್ಲಿ ನಡೆಯುವ ಏಳನೇ ಕ್ಲಾಸಿನ ಮಗಳಿಗೆ ಇದು ಬೇಸರದ ಹೊತ್ತು. ನನಗೆ ಮಾತ್ರ ಆ ಸಂಜೆಯ ಮುಖ್ಯ ಕೆಲಸ ನಡೆದದ್ದೇ ಆ ಹತ್ತು ನಿಮಿಷದಲ್ಲಿ ಅನ್ನಿಸಿತು. ಸುತ್ತು ಮುಗಿಯುವಷ್ಟರಲ್ಲಿ ಮುಂದಿನ ಭಾನುವಾರದವರೆಗಿನ ಅಡುಗೆ ಅವಳ ತಲೆಯಲ್ಲಿ ಕೂತಿತ್ತು.

ನಾವಿರುವುದು ಮಂಡ್ಯ ಕಡೆಯ ಒಂದು ಹೋಬಳಿ ಊರಿನಲ್ಲಿ. ಭಾನುವಾರ ಸಂತೆ. ಆಕೆ ನಮ್ಮ ಸಾಲಿನ ಕೊನೆಯ ಮನೆಯವಳು, ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ಗಂಡ ಗೂಡ್ಸ್ ಆಟೊ ಓಡಿಸುತ್ತಾನೆ. ಮಗಳ ಕೆಳಗೆ ಒಬ್ಬ ಮಗ. ನಾಲ್ಕು ಜನದ ಮನೆ, ಫ್ರಿಜ್ ಇಲ್ಲ. ಅಕ್ಕಿ ರಾಗಿ ಪಡಿತರದಲ್ಲಿ ಬರುತ್ತದೆ, ಬೇಳೆ ಎಣ್ಣೆ ತಿಂಗಳ ಲೆಕ್ಕ, ತೆಂಗಿನಕಾಯಿ ತವರಿನಿಂದ. ತರಕಾರಿಗೆ ವಾರಕ್ಕೆ ಮುನ್ನೂರೈವತ್ತು ರೂಪಾಯಿ. ಹೋದ ಚಳಿಗಾಲದಲ್ಲಿ, ಅವರೆಕಾಯಿ ಕಾಲದಲ್ಲಿ, ಒಂದು ಭಾನುವಾರ ಅವಳ ಜೊತೆ ಹೋದೆ. ಆ ವಾರ ಅವರ ಮನೆಯಲ್ಲಿ ಏನು ಬೆಂದಿತು ಎಂಬುದನ್ನೂ ದಿನಾ ವಿಚಾರಿಸಿದೆ. ಅವಳೇ ‘ಬರ್ಕೊಳ್ಳಕ್ಕ, ನನ್ ಹೆಸರೊಂದು ಬ್ಯಾಡ’ ಅಂದಳು.

ಸಣ್ಣ ಪರ್ಸಿನವರು ಅಗ್ಗದ್ದನ್ನೇ ಕೊಳ್ಳುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಆಕೆ ಹಾಗೆ ಕೊಂಡು ಒಮ್ಮೆ ಕೆಟ್ಟಿದ್ದಳು. ಎರಡು ವರ್ಷದ ಕೆಳಗೆ, ಸಂತೆ ಮುರಿಯುವ ಹೊತ್ತಿಗೆ ಒಬ್ಬ ವ್ಯಾಪಾರಿ ಐದು ಕಿಲೋ ಟೊಮೆಟೊವನ್ನು ಐವತ್ತು ರೂಪಾಯಿಗೆ ಚೀಲಕ್ಕೆ ಸುರಿದ. ಆವತ್ತು ಟೊಮೆಟೊ ಕಿಲೋ ಇಪ್ಪತ್ತು. ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗಿನಿಂದ ಮನೆಗೆ ಬಂದಳು. ಎಲ್ಲವೂ ಕಡುಗೆಂಪು, ಎಲ್ಲವೂ ಒಂದೇ ಹದ. ಮಂಗಳವಾರಕ್ಕೆ ಬುಡದವು ಮೇಲಿನ ಭಾರಕ್ಕೆ ಒಡೆದವು, ಒಡೆದದ್ದರ ರಸ ತಾಗಿದವು ಬುಧವಾರಕ್ಕೆ ಬೂಷ್ಟು ಹಿಡಿದವು. ಬಾಯಿಗೆ ಸೇರಿದ್ದು ಎರಡೇ ಕಿಲೋ. ಅಂದರೆ ಕಿಲೋಗೆ ಇಪ್ಪತ್ತೈದು ಬಿದ್ದ ಹಾಗಾಯಿತು, ಸಂತೆಯ ಬೆಲೆಗಿಂತ ಐದು ಹೆಚ್ಚು. ‘ತಿಪ್ಪೆಗೆ ಮೂರು ಕಿಲೋ ಕೊಂಡ್ಕೊಟ್ಟೆ ಕಣಕ್ಕ’ ಎಂದು ಈಗಲೂ ನೊಂದುಕೊಳ್ಳುತ್ತಾಳೆ.

ಆಮೇಲೆ ಅವಳು ಟೊಮೆಟೊ ಕೊಳ್ಳುವ ರೀತಿಯೇ ಬೇರೆಯಾಯಿತು. ಆ ಭಾನುವಾರ ಒಂದೂವರೆ ಕಿಲೋ ತೆಗೆದುಕೊಂಡಳು, ಮೂವತ್ತು ರೂಪಾಯಿ. ಅಂಗಡಿಯವನ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೇ ಆರಿಸಿದಳು. ಅರ್ಧ ಕಿಲೋ ಪೂರ್ತಿ ಕೆಂಪು, ಅರ್ಧ ಕಿಲೋ ಬಣ್ಣ ತಿರುಗಿದ್ದು, ಇನ್ನರ್ಧ ಕಿಲೋ ಹಸಿರಿನ ಮೇಲೆ ಹಳದಿ ಕಾಣಿಸಿಕೊಂಡದ್ದು. ಮೊದಲನೆಯದು ಮಂಗಳವಾರದವರೆಗೆ, ಎರಡನೆಯದು ಗುರುವಾರಕ್ಕೆ, ಮೂರನೆಯದು ಶನಿವಾರಕ್ಕೆ. ಟೊಮೆಟೊ ಕಿತ್ತ ಮೇಲೂ ಹಣ್ಣಾಗುತ್ತಲೇ ಇರುವ ಕಾಯಿ. ಮನೆಯ ಮೂಲೆಯಲ್ಲಿ ಅದರ ಪಾಡಿಗೆ ಅದು ಕೆಂಪಾಗುತ್ತದೆ. ಮನೆಗೆ ಬಂದು ಅವನ್ನು ತೊಟ್ಟಿನ ಭಾಗ ಕೆಳಗೆ ಮಾಡಿ, ಒಂದರ ಮೇಲೊಂದು ಬೀಳದಂತೆ ಮೊರದಲ್ಲಿ ಹರಡಿದಳು. ಟೊಮೆಟೊದ ಸಿಪ್ಪೆಯಿಂದ ತೇವ ಅಷ್ಟಾಗಿ ಆರುವುದಿಲ್ಲ. ಆರುವುದು ತೊಟ್ಟು ಕಿತ್ತ ಗಾಯದಿಂದ, ಬೂಷ್ಟು ಒಳಹೊಗುವುದೂ ಹೆಚ್ಚಾಗಿ ಅಲ್ಲಿಂದಲೇ. ಅದು ಕೆಳಮುಖವಾದರೆ ಎರಡು ದಿನ ಹೆಚ್ಚು ಬಾಳುತ್ತದೆ.

ಅವಳ ಲೆಕ್ಕದ ತಿರುಳು ಇಷ್ಟೇ: ಯಾವುದು ಮೊದಲು ಕೆಡುತ್ತದೋ ಅದನ್ನು ಮೊದಲು ಬೇಯಿಸಬೇಕು, ಕೊನೆಗೆ ಬೇಯಿಸುವುದನ್ನು ಕೆಡದ ಹಾಗೆ ಆರಿಸಬೇಕು. ಸೊಪ್ಪು ಒಂದೇ ರಾತ್ರಿಯ ಮಾತು. ಅದರ ಮೈಯೆಲ್ಲ ಎಲೆ, ಎಲೆಯೆಲ್ಲ ಗಾಳಿಗೆ ತೆರೆದದ್ದು, ಬೇರು ಬಿಟ್ಟ ಗಳಿಗೆಯಿಂದ ನೀರು ಆರುತ್ತಲೇ ಇರುತ್ತದೆ. ಬದನೆ, ಹೀರೆ, ಅವರೆಕಾಯಿ ಮೂರು ನಾಲ್ಕು ದಿನ ತಡೆಯುತ್ತವೆ. ಕೋಸು ತನ್ನ ಹೊರ ಎಲೆಗಳನ್ನು ಹೊದ್ದುಕೊಂಡಿದ್ದರೆ ವಾರ ಕಳೆಯುತ್ತದೆ. ಈರುಳ್ಳಿ, ಆಲೂಗಡ್ಡೆ, ಇಡೀ ಕುಂಬಳಕಾಯಿ ಇವಕ್ಕೆ ವಾರ ಲೆಕ್ಕಕ್ಕೇ ಇಲ್ಲ.

ಕೊಳ್ಳುವವಳ ಈ ಲೆಕ್ಕ ಮಾರುವವನಿಗೂ ಗೊತ್ತು. ಸಂತೆ ಮುರಿಯುವ ಹೊತ್ತಿಗೆ ಯಾವುದರ ಬೆಲೆ ಇಳಿಯುತ್ತದೆ ಎಂಬುದನ್ನು ಗಮನಿಸಿದರೆ ತಿಳಿಯುತ್ತದೆ. ಈರುಳ್ಳಿಯವನು ಕತ್ತಲಾದರೂ ಒಂದು ರೂಪಾಯಿ ಬಿಡಲಿಲ್ಲ. ಇವತ್ತು ಹೋಗದಿದ್ದರೆ ಗೋಣಿ ಕಟ್ಟಿ ನಾಳೆ ಇನ್ನೊಂದು ಊರಿನ ಸಂತೆಗೆ ಒಯ್ಯುತ್ತಾನೆ, ಅವನಿಗೇನು ಅವಸರ? ಸೊಪ್ಪಿನ ಅಜ್ಜಿಗೆ ನಾಳೆ ಇಲ್ಲ. ನಾಲ್ಕೂವರೆಗೆ ನಾವು ಮೊದಲ ಸುತ್ತು ಬಂದಾಗ ದಂಟಿನ ಸೊಪ್ಪಿನ ಕಟ್ಟು ಇಪ್ಪತ್ತು ರೂಪಾಯಿ ಇತ್ತು. ಆರೂವರೆಗೆ ಅಜ್ಜಿಯೇ ಕೂಗಿ ಕರೆದಳು: ‘ಹೊತ್ತು ಮುಳುಗ್ತಾ ಬಂತು ಕಣ್ ಮಗ, ಎರಡು ಕಟ್ಟೂ ಇಪ್ಪತ್ತಕ್ಕೆ ತಗೊಂಡೋಗು.’ ತುದಿ ಸ್ವಲ್ಪ ಬಾಡಿತ್ತು. ಆಕೆ ದಂಟಿನ ಬುಡಕ್ಕೆ ಹೆಬ್ಬೆರಳ ಉಗುರು ಊರಿ ನೋಡಿದಳು. ಉಗುರು ಸಲೀಸಾಗಿ ಇಳಿದರೆ ಎಳೆಯದು, ಜಾರಿದರೆ ನಾರು. ಇಳಿಯಿತು. ಎರಡೂ ಕಟ್ಟು ಚೀಲದ ಮೇಲ್ಭಾಗಕ್ಕೆ ಹೋದವು. ಬಾಡಿದ ಸೊಪ್ಪು ಅವಳಿಗೆ ನಷ್ಟವಲ್ಲ, ಯಾಕೆಂದರೆ ಅದು ಬೇಯುವುದು ಆವತ್ತು ರಾತ್ರಿಯೇ.

ಹಾಗಂತ ಎಲ್ಲವನ್ನೂ ಕೊನೆಯ ಹೊತ್ತಿಗೆ ಬಿಡುವುದಿಲ್ಲ. ಬದನೆಕಾಯಿ, ಹೀರೆಕಾಯಿ, ಅವರೆಕಾಯಿಗಳನ್ನು ಮೊದಲ ಸುತ್ತು ಮುಗಿದ ಕೂಡಲೇ ಕೊಂಡಳು. ಸಂಜೆಗೆ ಇವುಗಳಲ್ಲಿ ಉಳಿಯುವುದು ಬೇರೆಯವರು ಆರಿಸಿ ಬಿಟ್ಟದ್ದು. ಹತ್ತು ರೂಪಾಯಿಗೊಂದು ಗುಡ್ಡೆ ಎಂದು ಜೋಡಿಸಿಟ್ಟ ಬದನೆಕಾಯಿಯಲ್ಲಿ ಮೇಲಿನ ಮೂರು ಮಿರಮಿರ ಮಿಂಚುತ್ತವೆ, ಅಡಿಯ ನಾಲ್ಕರಲ್ಲಿ ಹುಳ ಕೊರೆದ ತೂತಿರುತ್ತದೆ. ಆಕೆ ಗುಡ್ಡೆ ಮುಟ್ಟಲಿಲ್ಲ. ಅರ್ಧ ಕಿಲೋ ತೂಗಿಸಿ ಹದಿನೈದು ಕೊಟ್ಟಳು. ಒಂದೊಂದನ್ನೂ ತಿರುಗಿಸಿ, ತೊಟ್ಟು ಹಸಿರಿದೆಯೇ, ಕಿರೀಟದ ಅಡಿಯಲ್ಲಿ ಚುಕ್ಕೆಯಿದೆಯೇ ಎಂದು ನೋಡಿದಳು.

ತೂಕದ ವಿಷಯಕ್ಕೆ ಇಲ್ಲಿ ಸ್ವಲ್ಪ ನಿಲ್ಲಬೇಕು. ತಕ್ಕಡಿಗೆ ತರಕಾರಿ ಬೀಳುವ ಮೊದಲು ಆಕೆಯ ಕಣ್ಣು ಅಂಕಿಯ ಮೇಲಿರುತ್ತದೆ. ಖಾಲಿ ತಟ್ಟೆಗೆ ಸೊನ್ನೆ ತೋರಿಸಬೇಕು. ಒಬ್ಬ ಹುಡುಗನ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ 45 ಗ್ರಾಂ ಮೊದಲೇ ಕೂತಿತ್ತು. ‘ಸೊನ್ನೆ ಮಾಡಪ್ಪ’ ಅಂದಳು, ದನಿ ಏರಿಸಲಿಲ್ಲ. ಅವನೂ ಮಾತಾಡದೆ ಬಟನ್ ಒತ್ತಿದ. ಅರ್ಧ ಕಿಲೋದಲ್ಲಿ 50 ಗ್ರಾಂ ಕಡಿಮೆಯಾದರೆ ಹತ್ತರಲ್ಲಿ ಒಂದು ಪಾಲು ಹೋಯಿತು. ಮುನ್ನೂರೈವತ್ತರಲ್ಲಿ ಅದು ಮೂವತ್ತೈದು ರೂಪಾಯಿ, ಅವಳ ಲೆಕ್ಕದಲ್ಲಿ ಎರಡು ದಿನದ ಸೊಪ್ಪು. ಕೈತಕ್ಕಡಿಯವರ ಹತ್ತಿರ ಬಟ್ಟಿಗೆ ಬದಲು ಕಲ್ಲಿಟ್ಟು ತೂಗುವುದನ್ನು ಸಂತೆಗಳಲ್ಲಿ ಇನ್ನೂ ಕಾಣುತ್ತೇವೆ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ. ತೂಕದ ಬಟ್ಟಿಗೂ ತಕ್ಕಡಿಗೂ ಇಲಾಖೆಯ ಮುದ್ರೆ ಬಿದ್ದಿರಬೇಕು, ಎಲೆಕ್ಟ್ರಾನಿಕ್ ತಕ್ಕಡಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ಮುದ್ರೆ ಹುಡುಕುವಷ್ಟು ಹೊತ್ತು ಸಂತೆಯಲ್ಲಿ ಯಾರಿಗೂ ಇರುವುದಿಲ್ಲ, ಸೊನ್ನೆ ನೋಡಲು ಮಾತ್ರ ಒಂದು ಕ್ಷಣ ಸಾಕು.

ಅವರೆಕಾಯಿಯ ಮುಂದೆ ಅವಳು ತುಸು ಹೆಚ್ಚು ಹೊತ್ತು ನಿಂತಳು. ಕಿಲೋ ಐವತ್ತು ರೂಪಾಯಿ. ವಾರದ ದುಡ್ಡಿನ ಏಳನೇ ಒಂದು ಭಾಗ. ಅದೂ ಸಿಪ್ಪೆಯ ಸಮೇತ. ಒಂದು ಕಿಲೋ ಸುಲಿದರೆ ಕಾಳು ನಾನೂರು ಗ್ರಾಂ ಆಸುಪಾಸು, ಅಂದರೆ ಕಾಳಿನ ಬೆಲೆ ಕಿಲೋಗೆ ನೂರಿಪ್ಪತ್ತೈದರ ಹತ್ತಿರ. ಸಂತೆಯವನು ಕೂಗುವುದು ಚೀಲಕ್ಕೆ ಬೀಳುವುದರ ಬೆಲೆ, ತಾಯಿ ಲೆಕ್ಕ ಹಾಕುವುದು ತಟ್ಟೆಗೆ ಬೀಳುವುದರ ಬೆಲೆ. ಬಟಾಣಿಯದೂ ಹೀಗೆಯೇ, ಅರ್ಧಕ್ಕರ್ಧ ಸಿಪ್ಪೆ. ಹೂಕೋಸಿನಲ್ಲಿ ಎಲೆಯೂ ದಿಂಡೂ ತೂಕ ತಿನ್ನುತ್ತವೆ. ಎಲೆಕೋಸಿನಲ್ಲಿ ಬಿಸಾಡುವುದು ಬಹಳ ಕಡಿಮೆ, ಅದಕ್ಕೇ ಹದಿನೈದು ರೂಪಾಯಿಗೆ ಒಂದು ಪುಟ್ಟ ಗಡ್ಡೆ ಕಣ್ಣು ಮುಚ್ಚಿ ತೆಗೆದುಕೊಂಡಿದ್ದಳು.

ಆದರೆ ಅವರೆಕಾಯಿಗೆ ಇನ್ನೊಂದು ಲೆಕ್ಕವಿದೆ. ಕಾಳು ಹಾಕಿದ ದಿನ ತೊಗರಿಬೇಳೆ ಬೇಡ. ಬೇಳೆ ಡಬ್ಬದಲ್ಲಿ ಒಂದು ದಿನದ್ದು ಉಳಿಯುತ್ತದೆ. ಮತ್ತೆ ಮಗ ಒಂದು ವಾರದಿಂದ ಅವರೆಕಾಳು ಸಾರು ಕೇಳುತ್ತಿದ್ದ. ಒಂದು ಕಾಯಿ ಮುರಿದು ಮೂಗಿಗೆ ಹಿಡಿದಳು. ಸೊಗಡು ಬೆರಳಿಗೆ ಅಂಟಿತು. ‘ಒಂದ್ ಕಿಲೋ ಹಾಕಣ್ಣ, ಬಲಿತದ್ದು ಬ್ಯಾಡ’ ಅಂದಳು. ಆ ಸೊಗಡು ಚಳಿಯಿರುವಷ್ಟು ದಿನ ಮಾತ್ರ. ಅದನ್ನು ಬಡತನದ ಹೆಸರು ಹೇಳಿ ಮಕ್ಕಳಿಗೆ ತಪ್ಪಿಸಬಾರದು ಎಂಬುದು ಅವಳ ಮಾತು, ನನಗೂ ಅದು ಸರಿಯೆನಿಸುತ್ತದೆ.

ಮೂಲಂಗಿಯನ್ನು ಎಲೆಯಿದ್ದದ್ದನ್ನೇ ಕೊಂಡಳು, ಕಟ್ಟಿಗೆ ಹದಿನೈದು. ಪಕ್ಕದಲ್ಲಿ ಎಲೆ ಕತ್ತರಿಸಿ ಚೊಕ್ಕಟ ಮಾಡಿಟ್ಟದ್ದೂ ಅದೇ ಬೆಲೆಗಿತ್ತು, ಜನ ಅದನ್ನೇ ಆರಿಸುತ್ತಿದ್ದರು. ಎಲೆ ಪಲ್ಯಕ್ಕೆ, ಗಡ್ಡೆ ಸಾಂಬಾರಿಗೆ. ಮನೆಗೆ ಬಂದ ಕೂಡಲೇ ಎರಡನ್ನೂ ಬೇರೆ ಮಾಡಬೇಕು, ಇಲ್ಲದಿದ್ದರೆ ಎಲೆ ಗಡ್ಡೆಯ ನೀರನ್ನು ಎಳೆದುಕೊಂಡು ಗಡ್ಡೆ ಬೆಂಡಾಗುತ್ತದೆ. ಈರುಳ್ಳಿ ಎರಡು ಕಿಲೋ, ಸಣ್ಣ ಗಾತ್ರದ್ದು. ದಪ್ಪನೆಯದು ಮೂವತ್ತೈದು ಇದ್ದಾಗ ಸಣ್ಣದು ಇಪ್ಪತ್ತೈದಕ್ಕೆ ಸಿಕ್ಕಿತು. ಸುಲಿಯುವ ಕೆಲಸ ಹೆಚ್ಚು, ಅಷ್ಟೇ. ಆಲೂಗಡ್ಡೆ ಅರ್ಧ ಕಿಲೋ, ಹೀರೆಕಾಯಿ ಅರ್ಧ ಕಿಲೋ, ಹಸಿಮೆಣಸು, ಕೊತ್ತಂಬರಿ. ಕರಿಬೇವು ಮೆಣಸಿನಕಾಯಿಯವಳ ಕೊಸರು. ಸಿಹಿಗುಂಬಳದ ಹೋಳನ್ನು ಮುಟ್ಟದೆ, ಎರಡು ಕಿಲೋ ತೂಗುವ ಇಡೀ ಕಾಯನ್ನು ನಲವತ್ತಕ್ಕೆ ಮಾತಾಡಿಕೊಂಡಳು. ಕುಯ್ದ ಹೋಳಿಗೆ ಎರಡು ದಿನದ ಆಯಸ್ಸು, ಇಡೀ ಕಾಯಿಗೆ ತೊಟ್ಟು ಗಟ್ಟಿಯಾಗಿದ್ದರೆ ತಿಂಗಳುಗಟ್ಟಲೆ. ಕೊನೆಗೆ ಮಕ್ಕಳಿಗೆ ಇಪ್ಪತ್ತು ರೂಪಾಯಿಯ ಸೀಬೆಹಣ್ಣು. ಎಲ್ಲ ಕೂಡಿ ಮುನ್ನೂರ ಹತ್ತು. ಉಳಿದ ನಲವತ್ತನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನ ಹಿಂದಿನ ಜಿಪ್ಪಿನಲ್ಲಿಟ್ಟಳು. ಅದು ಗುರುವಾರದ ದುಡ್ಡು. ಗುರುವಾರ ಬೆಳಗ್ಗೆ ನಮ್ಮ ಬೀದಿಗೆ ಸೊಪ್ಪಿನ ತಳ್ಳುಗಾಡಿ ಬರುತ್ತದೆ.

ಆ ರಾತ್ರಿ ಅವರ ಮನೆಯಲ್ಲಿ ಬಸ್ಸಾರು. ಹಳೇ ಮೈಸೂರು ಕಡೆಯ ಈ ಅಡುಗೆಯನ್ನು ನಾನು ಹುಟ್ಟಿದಾಗಿನಿಂದ ಉಂಡಿದ್ದೇನೆ, ಅದರ ಲೆಕ್ಕ ಮಾತ್ರ ಆವತ್ತೇ ಕಣ್ಣಿಗೆ ಬಿದ್ದದ್ದು. ಒಂದು ಪಾವು ತೊಗರಿಬೇಳೆಯನ್ನು ಧಾರಾಳ ನೀರಿನಲ್ಲಿ ಬೇಯಲು ಇಟ್ಟಳು. ಬೇಳೆ ಮುಕ್ಕಾಲು ಬೆಂದಾಗ ಹೆಚ್ಚಿದ ದಂಟಿನ ಸೊಪ್ಪು, ಉಪ್ಪು ಹಾಕಿದಳು. ಬೇಳೆ ಕರಗಬಾರದು, ಬೆರಳಲ್ಲಿ ಒತ್ತಿದರೆ ಮಾತ್ರ ಮುರಿಯಬೇಕು. ಆಮೇಲೆ ತಟ್ಟೆ ಅಡ್ಡ ಹಿಡಿದು ನೀರನ್ನೆಲ್ಲ ಇನ್ನೊಂದು ಪಾತ್ರೆಗೆ ಬಸಿದಳು. ಅದು ಕಟ್ಟು. ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ ಹುರಿದು, ಕಾಯಿತುರಿ, ಸಾರಿನ ಪುಡಿ, ಹುಣಸೆಹಣ್ಣು ಸೇರಿಸಿ ರುಬ್ಬುವಾಗ ಬೆಂದ ಸೊಪ್ಪುಬೇಳೆಯಲ್ಲೇ ಒಂದು ಹಿಡಿ ಅದರ ಜೊತೆಗೆ ಹಾಕಿದಳು. ಆ ಒಂದು ಹಿಡಿಯೇ ಸಾರಿಗೆ ಮೈ ಕೊಡುವುದು. ರುಬ್ಬಿದ್ದು ಕಟ್ಟಿಗೆ ಬಿದ್ದು ಕುದಿಯಿತು. ಬಸಿದು ಉಳಿದ ಸೊಪ್ಪುಬೇಳೆಗೆ ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಟ್ಟರೆ ಪಲ್ಯ.

ಒಂದು ಪಾವು ಬೇಳೆ, ಹತ್ತು ರೂಪಾಯಿಯ ಒಂದು ಕಟ್ಟಿನ ಸೊಪ್ಪು. ಮುದ್ದೆಗೆ ಸಾರಾಯಿತು, ನಂಚಿಕೊಳ್ಳಲು ಪಲ್ಯವಾಯಿತು, ಮರುದಿನಕ್ಕೂ ಸಾರು ಉಳಿಯಿತು. ಬಸ್ಸಾರು ಮರುದಿನ ಇನ್ನೂ ರುಚಿ ಎಂಬುದನ್ನು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಸೊಪ್ಪು ಬೇಯಿಸಿದ ನೀರನ್ನು ಚೆಲ್ಲಿದರೆ ಅದರಲ್ಲಿ ಕರಗಿದ ಸತ್ವವೂ ಮೋರಿಗೆ ಹೋಗುತ್ತದೆ. ಇಲ್ಲಿ ಆ ನೀರೇ ಊಟದ ಅರ್ಧ. ಎರಡನೇ ಕಟ್ಟಿನ ಎಲೆಯೂ ಅದೇ ಪಾತ್ರೆ ಸೇರಿತ್ತು. ಅದರ ದಂಟನ್ನು ಮಾತ್ರ ಬೆರಳುದ್ದಕ್ಕೆ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು. ಎಲೆ ಬಿಡಿಸಿದ ದಂಟು ಒಂದು ದಿನ ತಾಳುತ್ತದೆ.

ಸೋಮವಾರ ಬೆಳಗ್ಗೆ ಡಬ್ಬಿಗೆ ಮೂಲಂಗಿ ಸೊಪ್ಪಿನ ಪಲ್ಯ, ಅನ್ನದ ಜೊತೆ ಉಳಿದ ಬಸ್ಸಾರು. ಸಂಜೆ ದಂಟಿನ ಸಾಂಬಾರು. ಅದು ಕುದಿಯುವಾಗ ಮಕ್ಕಳಿಬ್ಬರೂ ಟೀವಿ ಮುಂದೆ ಕೂತು ಅವರೆಕಾಯಿ ಸುಲಿದರು. ಮಂಗಳವಾರ ಅವರೆಕಾಳು, ಬದನೆಕಾಯಿ ಹಾಕಿದ ಸಾರು. ಮಗ ಎರಡು ಮುದ್ದೆ ಉಂಡನಂತೆ.

ಬುಧವಾರಕ್ಕೆ ಹೀರೆಕಾಯಿ ಎಂದು ಇಟ್ಟಿದ್ದಳು. ತಿರುಳು ಸಾರಿಗೆ, ಏಣು ಹೆರೆದ ಸಿಪ್ಪೆ ಹುರಿದು ಚಟ್ನಿಗೆ. ಹೆಚ್ಚುವ ಮೊದಲು ಪ್ರತಿ ಕಾಯಿಯ ತುದಿಯನ್ನು ಚೂರು ಕತ್ತರಿಸಿ ನಾಲಗೆಗೆ ತಾಗಿಸಿದಳು. ಹೀರೆ, ಸೋರೆಗಳ ಜಾತಿಯಲ್ಲಿ ಒಮ್ಮೊಮ್ಮೆ ವಿಷದಂಥ ಕಹಿ ಬರುತ್ತದೆ. ಅದು ಬೇಯಿಸಿದರೂ ಹೋಗುವುದಿಲ್ಲ, ಹಾಗೇ ತಿಂದರೆ ವಾಂತಿ, ಹೊಟ್ಟೆನೋವು. ಅಂಥ ಕಾಯಿ ಎಷ್ಟು ದುಡ್ಡು ಕೊಟ್ಟು ತಂದಿದ್ದರೂ ಬಿಸಾಡಲೇಬೇಕು. ಅದರಲ್ಲಿ ಉಳಿತಾಯ ನೋಡಬಾರದು. ಆವತ್ತಿನವು ಸಿಹಿಯಾಗಿದ್ದವು.

ಅಷ್ಟರಲ್ಲಿ ತವರಿನಿಂದ ತಮ್ಮ ಬಂದ, ಹೆಂಡತಿ ಮಗುವಿನ ಜೊತೆ. ಕೈಯಲ್ಲಿ ನಾಲ್ಕು ತೆಂಗಿನಕಾಯಿ. ನಾಲ್ವರಿಗೆಂದು ತಂದ ಹೀರೆಕಾಯಿ ಏಳು ತಟ್ಟೆಗೆ ಏನಾದೀತು? ಶನಿವಾರಕ್ಕೆಂದು ಕಾದಿಟ್ಟಿದ್ದ ಕುಂಬಳಕಾಯಿಯನ್ನು ಆಕೆ ಅವತ್ತೇ ಕುಯ್ದಳು. ಅರ್ಧದ ಪಲ್ಯಕ್ಕೆ ತಮ್ಮ ತಂದ ಕಾಯಿತುರಿಯನ್ನೇ ಕೈತುಂಬ ಹಾಕಿದಳು. ‘ಅಕ್ಕ, ಏನ್ ಇಷ್ಟೊಂದ್ ಮಾಡ್ಬುಟ್ಟಿದ್ದೀಯ’ ಎಂದನಂತೆ ತಮ್ಮ. ಅವರೆಲ್ಲ ಉಂಡು ಹೊರಟ ಮೇಲೆ ಉಳಿದರ್ಧದ ಬೀಜ, ನಾರು ಪೂರ್ತಿ ಕೆರೆದು ತೆಗೆದಳು. ಕೊಳೆತ ಶುರುವಾಗುವುದು ಆ ಮೆತ್ತನೆಯ ನಾರಿನಿಂದ. ಕುಯ್ದ ಮುಖವನ್ನು ಒಣಬಟ್ಟೆಯಲ್ಲಿ ಒರೆಸಿ, ತೆಳುಬಟ್ಟೆ ಮುಚ್ಚಿ, ಕಿಟಕಿಯ ಹತ್ತಿರ ಗಾಳಿಯಾಡುವ ಕಡೆ ಇಟ್ಟಳು. ಬೀಜ ತೊಳೆದು ಬಿಸಿಲಿಗೆ. ಶುಕ್ರವಾರ ಆ ಅರ್ಧವನ್ನು ನಾನೇ ಮುಟ್ಟಿ ನೋಡಿದೆ. ಮೇಲೆ ತುಸು ಒಣಗಿತ್ತು, ಲೋಳೆ ಬಂದಿರಲಿಲ್ಲ. ಆವತ್ತು ಅದು ಸಾಂಬಾರಾಯಿತು. ಶುಕ್ರವಾರದ ಕೋಸು ಶನಿವಾರಕ್ಕೆ ಸರಿಯಿತು.

ನಡುವೆ ಗುರುವಾರ ನಲವತ್ತು ರೂಪಾಯಿ ಹೊರಬಂತು. ತಳ್ಳುಗಾಡಿಯ ಸೊಪ್ಪು ಬೆಳಗಿನದು, ಬೆಲೆ ಸಂತೆಯ ಸಂಜೆಗಿಂತ ಒಂದೂವರೆ ಪಟ್ಟು. ಆದರೂ ವಾರದ ನಡುವೆ ಒಂದು ದಿನ ಸೊಪ್ಪು ಬೀಳಲೇಬೇಕು ಎಂಬುದು ಅವಳ ಹಟ. ಎರಡು ಕಟ್ಟು ಮೂವತ್ತಕ್ಕೆ ಕೊಟ್ಟ, ಹತ್ತು ಉಳಿಯಿತು. ರಾತ್ರಿ ಮಸ್ಸೊಪ್ಪು, ಬೆಳಗಿನ ಡಬ್ಬಿಗೆ ಮೂಲಂಗಿ ಗಡ್ಡೆಯ ಸಾಂಬಾರು.

ಒಂದು ಸಂಜೆ ನಾನು ಅವಳ ಸಂತೆಯ ಚೀಲವನ್ನು ಕಾಗದದ ಮೇಲೆ ತೂಗಿ ನೋಡಿದೆ. ಆಲೂಗಡ್ಡೆ ಬಿಟ್ಟು, ಗುರುವಾರದ ಸೊಪ್ಪು ಸೇರಿಸಿ, ಅವರೆಯಲ್ಲಿ ಕಾಳನ್ನಷ್ಟೇ ಹಿಡಿದರೆ ಸುಮಾರು ಹತ್ತು ಕಿಲೋ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ ಒಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ ಇದೆ. ನಾಲ್ಕು ಜನಕ್ಕೆ ವಾರಕ್ಕೆ 11 ಕಿಲೋ ಮೇಲೆ. ಸಿಪ್ಪೆ ತೊಟ್ಟು ಕಳೆದರೆ, ಬುಧವಾರದ ಮೂವರು ನೆಂಟರನ್ನು ಲೆಕ್ಕಕ್ಕೆ ಹಿಡಿದರೆ ಅವಳದು ಇನ್ನೂ ಕೆಳಗಿಳಿಯುತ್ತದೆ. ಇಷ್ಟೆಲ್ಲ ಎಚ್ಚರದಿಂದ, ಒಂದು ಕಾಯಿಯೂ ತಿಪ್ಪೆಗೆ ಹೋಗದ ವಾರದಲ್ಲಿ, ಈ ಅಂತರ. ಅದು ಅವಳ ಜಾಣ್ಮೆಯಲ್ಲಿರುವ ಕೊರತೆಯಲ್ಲ, ಅವಳ ಕೂಲಿಯಲ್ಲಿರುವ ಕೊರತೆ. ಟೊಮೆಟೊ ಎಂಬತ್ತಕ್ಕೆ ಏರಿದ ವಾರ ಏನು ಮಾಡುತ್ತೀ ಎಂದು ಕೇಳಿದೆ. ‘ಹುಣಸೆಹಣ್ಣಿಲ್ವಾ ಅಕ್ಕ’ ಅಂದಳು. ಈರುಳ್ಳಿಯೂ ಏರಿದರೆ? ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಆಗ ಸೀಬೆಹಣ್ಣು ಬಿಡ್ತೀನಿ.’

ಶನಿವಾರ ರಾತ್ರಿ ಕೋಸು, ಆಲೂಗಡ್ಡೆಯ ಪಲ್ಯ, ಹಣ್ಣಾಗಿ ಬಂದಿದ್ದ ಕೊನೆಯ ಟೊಮೆಟೊಗಳ ಸಾರು. ಭಾನುವಾರ ಮಧ್ಯಾಹ್ನ ನಾನು ಹೋದಾಗ ಕುಕ್ಕೆಯಲ್ಲಿ ಐದು ಈರುಳ್ಳಿ, ಎರಡು ಹಸಿಮೆಣಸು ಇದ್ದವು. ಮಗಳು ಹೊಸ್ತಿಲ ಮೇಲೆ ಕೂತು ಒಣಗಿದ ಕುಂಬಳದ ಬೀಜ ಸುಲಿದು ತಮ್ಮನಿಗೆ ಕೊಡುತ್ತಿದ್ದಳು. ನಾಲ್ಕೂವರೆಗೆ ಮತ್ತೆ ಸಂತೆಗೆ ಹೊರಟೆವು. ಆರೂವರೆಯ ಹೊತ್ತಿಗೆ ಅದೇ ಸೊಪ್ಪಿನ ಅಜ್ಜಿ ಎರಡು ಕಟ್ಟು ಎತ್ತಿ ತೋರಿಸಿದಾಗ, ತಾಯಿ ಕೈ ಚಾಚುವ ಮೊದಲೇ ಮಗಳು ಬಗ್ಗಿ, ದಂಟಿನ ಬುಡಕ್ಕೆ ಉಗುರು ಊರಿದಳು. ‘ಅಮ್ಮ, ಇದು ನಾರು. ಆ ಕಡೇದು ನೋಡು.’